ಕಾಗುಣಿತ ಬಾಯಿಗೆ ಬರುತ್ತೆ, ‘ಪುಸ್ತಕ’ ಓದಲು ಬರಲ್ಲ: ಕನ್ನಡ ಕಲಿಯುವ ಮಗುವಿನ ಡಿಸ್ಲೆಕ್ಸಿಯಾ

ಮೂರನೇ ಕ್ಲಾಸಿನ ಮಗುವೊಂದು ‘ಪುಸ್ತಕ’ ಎಂಬ ಪದವನ್ನು ‘ಪುಸತಕ’ ಅಂತ ಓದಿತು ಅಂದ್ಕೊಳ್ಳಿ. ಮೇಷ್ಟ್ರು ತಿದ್ದಿದರು. ಮುಂದಿನ ಸಾಲಿನಲ್ಲಿ ಅದೇ ಪದ ಬಂತು, ಮತ್ತೆ ‘ಪುಸತಕ’. ಆದರೆ ಇದೇ ಮಗುವಿಗೆ ಕಾಗುಣಿತ ಹೇಳು ಅಂದರೆ ಕ ಕಾ ಕಿ ಕೀ ಅಂತ ರಾಗವಾಗಿ, ಒಂದೂ ತಪ್ಪಿಲ್ಲದೆ ಹೇಳುತ್ತೆ. ಕತೆ ಓದಿ ಹೇಳಿದರೆ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತೆ. ಇಂಥ ಮಗುವಿಗೆ ನಮ್ಮ ಶಾಲೆಗಳಲ್ಲಿ ಸಿಗುವ ಬಿರುದು ಸಾಮಾನ್ಯವಾಗಿ ಎರಡೇ. ಒಂದು ‘ಸೋಮಾರಿ’, ಇನ್ನೊಂದು ‘ದಡ್ಡ’. ಮೂರನೆಯ ಸಾಧ್ಯತೆಯ ಹೆಸರು ಡಿಸ್ಲೆಕ್ಸಿಯಾ.

ಹೆಸರು ಅಪರಿಚಿತವೇನಲ್ಲ. 2007ರಲ್ಲಿ ‘ತಾರೇ ಜಮೀನ್ ಪರ್’ ಬಂದ ಮೇಲೆ ಬಹಳಷ್ಟು ಮನೆಗಳಿಗೆ ಅದು ತಲುಪಿತು. ಆದರೆ ಆ ಸಿನಿಮಾದ ಒಂದು ಚಿತ್ರಣ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿದೆ: ಹಾಳೆಯ ಮೇಲೆ ಅಕ್ಷರಗಳು ಕುಣಿಯುತ್ತವೆ, ಮಗುವಿಗೆ ಅವು ಉಲ್ಟಾ ಕಾಣುತ್ತವೆ. ಹಾಗಾಗಿ ಇಂದಿಗೂ ಬಹಳ ಜನ ಇದು ಕಣ್ಣಿನ ಸಮಸ್ಯೆ ಅಂತಲೇ ತಿಳಿದಿದ್ದಾರೆ. ಬಣ್ಣದ ಕನ್ನಡಕ ಮಾರುವವರಿಗೂ ಅದೇ ಬಂಡವಾಳ. ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಸಂಘಗಳು 2009ರಲ್ಲಿ ಜಂಟಿ ಹೇಳಿಕೆ ಕೊಟ್ಟು, ಬಣ್ಣದ ಲೆನ್ಸು, ಕಣ್ಣಿನ ವ್ಯಾಯಾಮಗಳಿಂದ ಡಿಸ್ಲೆಕ್ಸಿಯಾ ಸರಿಹೋಗುತ್ತೆ ಅನ್ನುವುದಕ್ಕೆ ಪುರಾವೆ ಇಲ್ಲ ಎಂದು ಹೇಳಿಯಾಗಿದೆ.

ಕಣ್ಣಿನಿಂದ ಕಿವಿಯ ಕಡೆಗೆ

ಕಣ್ಣಿನ ಮೇಲೆ ಅನುಮಾನ ಬಂದದ್ದಕ್ಕೆ ಕಾರಣವಿತ್ತು. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯ, ಬುದ್ಧಿವಂತನಾಗಿದ್ದರೂ ಓದಲು ಕಲಿಯಲಾಗದ 14 ವರ್ಷದ ಹುಡುಗನ ಬಗ್ಗೆ ಬರೆದಾಗ ಅದಕ್ಕೆ ಕೊಟ್ಟ ಹೆಸರೇ ‘ಹುಟ್ಟಿನಿಂದ ಬಂದ ಪದಗುರುಡು’ ಎಂಬರ್ಥದ್ದು. ನಂತರದ ಹಲವು ದಶಕ ಇದೇ ದಾರಿಯಲ್ಲಿ ಹುಡುಕಾಟ ನಡೆಯಿತು. 1970ರ ದಶಕದಲ್ಲಿ ಫ್ರಾಂಕ್ ವೆಲ್ಲುಟಿನೊ ಎಂಬ ಮನಶ್ಶಾಸ್ತ್ರಜ್ಞ ಸರಳವಾದ ಒಂದು ಪ್ರಯೋಗ ಮಾಡಿದರು. ಹೀಬ್ರೂ ಗೊತ್ತಿಲ್ಲದ ಮಕ್ಕಳಿಗೆ ಹೀಬ್ರೂ ಅಕ್ಷರಗಳನ್ನು ಸ್ವಲ್ಪ ಹೊತ್ತು ತೋರಿಸಿ, ಆಮೇಲೆ ನೆನಪಿನಿಂದ ಬರೆಯಲು ಹೇಳಿದರು. ಓದಲು ಕಷ್ಟಪಡುವ ಮಕ್ಕಳೂ ಚೆನ್ನಾಗಿ ಓದುವ ಮಕ್ಕಳೂ ಒಂದೇ ಮಟ್ಟದಲ್ಲಿ ಬರೆದರು. ಅಂದರೆ ಕಣ್ಣು ಆಕಾರವನ್ನು ಸರಿಯಾಗೇ ಹಿಡಿಯುತ್ತಿದೆ. ತೊಡಕು ಬರುವುದು ಆ ಆಕಾರಕ್ಕೆ ಸದ್ದನ್ನು ಕಟ್ಟುವಾಗ. ಇಂಜಿನಿಯರಿಂಗ್ ಓದಿದವನ ಭಾಷೆಯಲ್ಲಿ ಹೇಳೋದಾದ್ರೆ, ಕ್ಯಾಮೆರಾ ಸರಿ ಇದೆ, ಚಿತ್ರವನ್ನು ಶಬ್ದಕ್ಕೆ ತಿರುಗಿಸುವ ಸರ್ಕ್ಯೂಟ್ ನಿಧಾನ.

ಇದನ್ನೇ ಸಂಶೋಧಕರು ಧ್ವನಿ ಸಂಸ್ಕರಣೆಯ ಕೊರತೆ ಅನ್ನುತ್ತಾರೆ. ಮಾತನ್ನು ಕೇಳುವಾಗ ನಾವು ಪದವನ್ನು ಇಡಿಯಾಗಿ ಕೇಳುತ್ತೇವೆ. ಓದು ಕಲಿಯಬೇಕಾದರೆ ಆ ಇಡೀ ಪದವನ್ನು ಒಳಗೊಳಗೇ ಬಿಡಿಸಿ, ಅದರೊಳಗಿನ ಸಣ್ಣ ಸದ್ದುಗಳನ್ನು ಬೇರೆಬೇರೆಯಾಗಿ ಹಿಡಿಯಬೇಕು. ‘ತಲೆ’ ಪದದಿಂದ ‘ತ’ ತೆಗೆದರೆ ‘ಲೆ’ ಉಳಿಯುತ್ತೆ, ಇದು ಸುಲಭ. ‘ತ್’ ಎಂಬ ಸದ್ದನ್ನು ಮಾತ್ರ ತೆಗೆದರೆ? ‘ಅಲೆ’. ಹಾಗೇ ‘ನೂರು’ ‘ಊರು’ ಆಗುತ್ತೆ, ‘ಕೂಟ’ ‘ಊಟ’ ಆಗುತ್ತೆ. ಈ ಎರಡನೆಯ ಕೆಲಸ ಹುಟ್ಟಿನಿಂದ ಬರುವುದಿಲ್ಲ. ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು 1974ರಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಿಗೆ ಪದದ ತುಣುಕುಗಳನ್ನು ಮೇಜಿನ ಮೇಲೆ ಕುಟ್ಟಿ ಎಣಿಸಲು ಹೇಳಿದಾಗ, ನಾಲ್ಕು ವರ್ಷದವರಲ್ಲಿ ಅರ್ಧದಷ್ಟು ಮಕ್ಕಳು ‘ತ-ಲೆ’ಯಂಥ ತುಣುಕುಗಳನ್ನು ಎಣಿಸಿದರು, ಬಿಡಿ ಸದ್ದುಗಳನ್ನು ಎಣಿಸಿದವರು ಒಬ್ಬರೂ ಇಲ್ಲ. ಒಂದನೇ ತರಗತಿ ಮುಗಿಯುವ ಹೊತ್ತಿಗೆ ಶೇ 70ರಷ್ಟು ಮಕ್ಕಳು ಬಿಡಿ ಸದ್ದನ್ನೂ ಹಿಡಿದರು. ಡಿಸ್ಲೆಕ್ಸಿಯಾ ಇರುವ ಮಗು ಸಿಕ್ಕಿಹಾಕಿಕೊಳ್ಳುವುದು ಈ ದಾಟುವಿಕೆಯಲ್ಲೇ.

ಕನ್ನಡದಲ್ಲಿ ಇದು ತಡವಾಗಿ ಯಾಕೆ ಕಾಣುತ್ತೆ

ಇಂಗ್ಲಿಷ್ ಮಗುವಿಗೆ ಮೊದಲ ದಿನದಿಂದಲೇ ಬಿಡಿ ಸದ್ದು ಬೇಕು. ಕನ್ನಡದ ಮಗುವಿಗೆ ಹಾಗಲ್ಲ. ನಮ್ಮ ಒಂದು ಅಕ್ಷರ ಒಂದು ತುಣುಕು. ‘ಕಮಲ’ದಲ್ಲಿ ಮೂರು ಅಕ್ಷರ, ಮೂರು ತುಣುಕು, ಒಡೆಯುವ ಪ್ರಮೇಯವೇ ಇಲ್ಲ. ಹಾಗಾಗಿ ‘ಅರಸ, ಬಸವ, ಗರಗಸ’ ಇರುವ ಮೊದಲ ಪಾಠಗಳನ್ನು ಆಕಾರದ ನೆನಪಿನಿಂದಲೇ ದಾಟಿಬಿಡಬಹುದು. ವರ್ಣಮಾಲೆಯ 49 ಅಕ್ಷರ ಆದ ಮೇಲೆ ಗುಣಿತಾಕ್ಷರ ಸೇರಿದರೆ ಲೆಕ್ಕ ನಾನೂರು ದಾಟುತ್ತೆ, ಒತ್ತಕ್ಷರ ಇನ್ನೂ ಬಂದೇ ಇಲ್ಲ. ಅಷ್ಟನ್ನೂ ಚಿತ್ರದ ಹಾಗೆ ನೆನಪಿಟ್ಟುಕೊಳ್ಳೋಕೆ ಯಾರಿಂದಲೂ ಆಗಲ್ಲ. ‘ಕಿ’ ಅಂದರೆ ‘ಕ್’ ಮತ್ತು ‘ಇ’ ಅನ್ನುವುದು ಹೊಳೆದ ಮಗುವಿಗೆ ‘ತಿ, ನಿ, ಲಿ’ ತಾನಾಗೇ ಬರುತ್ತೆ. ಹೊಳೆಯದ ಮಗು ಪ್ರತಿಯೊಂದನ್ನೂ ಹೊಸ ಅಕ್ಷರದಂತೆ ಹೊರಬೇಕು.

ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು ಕನ್ನಡ ಕಲಿಯುವ ಮಕ್ಕಳ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ತೋರಿಸಿತು. ಕನ್ನಡದಲ್ಲಿ ಅಕ್ಷರ ಕಲಿಕೆ ಒಂದು ವರ್ಷದಲ್ಲಿ ಮುಗಿಯುವ ಕೆಲಸ ಅಲ್ಲ, ಮೂರು-ನಾಲ್ಕನೇ ತರಗತಿಯವರೆಗೂ ಸಾಗುತ್ತೆ. ಬಿಡಿ ಸದ್ದಿನ ಅರಿವೂ ಇಂಗ್ಲಿಷ್ ಮಕ್ಕಳಿಗಿಂತ ನಿಧಾನವಾಗಿ ಬೆಳೆಯುತ್ತೆ. ಆದ್ದರಿಂದ ಒಂದನೇ ಕ್ಲಾಸಿನ ಮಗುವಿಗೆ ‘ತಲೆಯಿಂದ ತ್ ತೆಗಿ’ ಅಂತ ಪರೀಕ್ಷೆ ಕೊಟ್ಟು, ಬರಲಿಲ್ಲ ಅಂತ ಡಿಸ್ಲೆಕ್ಸಿಯಾ ಹಣೆಪಟ್ಟಿ ಹಚ್ಚುವುದು ತಪ್ಪು. ಓದು ಬಾರದ ದೊಡ್ಡವರಿಗೂ ಈ ಕೆಲಸ ಬರಲ್ಲ. ಪೋರ್ಚುಗಲ್‌ನ ಅನಕ್ಷರಸ್ಥ ವಯಸ್ಕರ ಮೇಲೆ ನಡೆದ 1979ರ ಅಧ್ಯಯನ ಅದನ್ನು ತೋರಿಸಿದೆ. ಸದ್ದಿನ ಅರಿವು ಓದನ್ನು ಬೆಳೆಸುತ್ತೆ, ಓದು ಸದ್ದಿನ ಅರಿವನ್ನು ಬೆಳೆಸುತ್ತೆ. ಆ ವಯಸ್ಸಿಗೆ ‘ತಲೆ’ಗೆ ಎಷ್ಟು ಚಪ್ಪಾಳೆ, ‘ಮಿಡುಗಾಲೆ’ ಥರದ ಅರ್ಥವಿಲ್ಲದ ಉದ್ದ ಪದವನ್ನು ಕೇಳಿ ಹಾಗೇ ಹೇಳಲು ಬರುತ್ತಾ ಎಂದು ನೋಡುವುದು ಹೆಚ್ಚು ನ್ಯಾಯ.

ಒತ್ತಕ್ಷರದಲ್ಲಿ ಇನ್ನೊಂದು ತೊಡಕಿದೆ, ದೊಡ್ಡವರಾದ ನಾವು ಗಮನಿಸಿಯೇ ಇರಲ್ಲ. ‘ಪುಸ್ತಕ’ ಅನ್ನುವಾಗ ಬಾಯಿ ಒಡೆಯುವುದು ‘ಪುಸ್-ತ-ಕ’ ಅಂತ. ಬರವಣಿಗೆ ಒಡೆಯುವುದು ‘ಪು-ಸ್ತ-ಕ’ ಅಂತ. ಕಿವಿಯ ಗಡಿ ಒಂದು ಕಡೆ, ಕಣ್ಣಿನ ಗಡಿ ಇನ್ನೊಂದು ಕಡೆ. ಅರ್ಕಾವೊತ್ತಿನಲ್ಲಂತೂ ಕ್ರಮವೇ ತಿರುಗಿಬಿಡುತ್ತೆ: ‘ಪರ್ವತ’ದಲ್ಲಿ ‘ರ್’ ಮೊದಲು ಕೇಳಿಸುತ್ತೆ, ಅದರ ಗುರುತು ಬರುವುದು ‘ವ’ ಆದ ಮೇಲೆ. ಸೊನ್ನೆಯದು ಬೇರೆ ಕತೆ. ‘ಅಂಗಡಿ, ಕಂದ, ಕಂಬ’ ಮೂರರಲ್ಲೂ ಗುರುತು ಒಂದೇ, ಬಾಯಲ್ಲಿ ಹುಟ್ಟುವ ಸದ್ದು ಮೂರು. ಸದ್ದನ್ನು ಗಟ್ಟಿಯಾಗಿ ಹಿಡಿಯಲಾಗದ ಮಗು ಇಲ್ಲೆಲ್ಲ ಎಡವುತ್ತೆ.

ಒಂದು ವಾಕ್ಯ, ಒಬ್ಬ ಹುಡುಗ

ಒಬ್ಬ ಹುಡುಗನನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಇವನು ನಿಜವಾದ ಒಬ್ಬ ಹುಡುಗನಲ್ಲ. ತರಗತಿಯಲ್ಲಿ ಹಂಚಿಹೋಗಿರುವ ತಪ್ಪುಗಳನ್ನು ಒಬ್ಬನ ಬಾಯಲ್ಲಿ ಇಟ್ಟಿದ್ದೇನೆ. ವಾಕ್ಯ ಇದು: ‘ಅಜ್ಜಿ ಸಂತೆಯಿಂದ ಬುಟ್ಟಿ ತುಂಬ ಹಣ್ಣು ತಂದರು.’

ಅವನು ಓದಿದ್ದು: ‘ಅಜಿ… ಅಜ್ಜಿ. ಸತೆ… ಸಂತೆಗೆ. ಬುಟಿ ತುಬ ಹಣ… ಹಣ್ಣು ತಂದರು.’ ಹತ್ತಿರ ಹತ್ತಿರ ಅರ್ಧ ನಿಮಿಷ ಹಿಡಿಯಿತು.

ಇದನ್ನು ಕೇಳಿ ‘ಗಮನ ಇಲ್ಲ’ ಅನ್ನುವ ಬದಲು ತಪ್ಪುಗಳನ್ನು ಬರೆದುಕೊಳ್ಳಿ. ಒತ್ತು ಇರುವ ಪದ ಮೂರು, ಮೂರರಲ್ಲೂ ಒತ್ತು ಬಿದ್ದುಹೋಗಿದೆ. ಸೊನ್ನೆ ಎರಡು ಕಡೆ ಬಿದ್ದಿದೆ. ‘ಅಜ್ಜಿ’, ‘ಹಣ್ಣು’ ಸರಿಹೋದದ್ದು ಓದಿನಿಂದಲ್ಲ, ‘ಅಜಿ’ ಅಂತ ಪದ ಇಲ್ಲವಲ್ಲ ಅನ್ನುವ ಊಹೆಯಿಂದ. ‘ಸಂತೆಗೆ’ ಅನ್ನುವುದೂ ಊಹೆಯೇ, ಪದದ ಬಾಲವನ್ನು ಅವನು ನೋಡಲೇ ಇಲ್ಲ. ಬುದ್ಧಿ ಇರುವುದರಿಂದಲೇ ಊಹೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಆ ಕಾರಣಕ್ಕೇ ಎಷ್ಟೋ ಮಕ್ಕಳ ತೊಂದರೆ ಎರಡು ಮೂರು ವರ್ಷ ಯಾರ ಕಣ್ಣಿಗೂ ಬೀಳಲ್ಲ.

ಊಹೆಯನ್ನು ಬದಿಗಿಡಲು ಒಂದು ಉಪಾಯ ಇದೆ, ಅರ್ಥವಿಲ್ಲದ ಪದಗಳನ್ನು ಓದಿಸುವುದು. ‘ಮಿಲ, ತೊಗೆ, ನಂಕೆ, ಬುಸ್ತ’ ಅಂತ ಚೀಟಿಯಲ್ಲಿ ಬರೆದು ಕೊಡಿ. ನಮ್ಮ ಹುಡುಗ ‘ಮಿಲ’ ಸರಿಯಾಗಿ ಓದಿದ, ‘ತೊಗೆ’ಯನ್ನು ‘ತಗೆ’ ಅಂದ, ‘ನಂಕೆ’ಯನ್ನು ‘ನಕೆ’, ‘ಬುಸ್ತ’ವನ್ನು ‘ಬುಸತ’. ಈಗ ಚಿತ್ರ ಸ್ಪಷ್ಟ. ಸರಳ ಗುಣಿತ ಇದೆ, ಒತ್ವ ಗಟ್ಟಿಯಿಲ್ಲ, ಸೊನ್ನೆ ಮತ್ತು ಒತ್ತು ಇಲ್ಲ. ಎಲ್ಲಿಂದ ಕಲಿಸಬೇಕು ಅಂತ ಈ ನಾಲ್ಕು ಪದ ಹೇಳಿಬಿಟ್ಟವು.

ಒಂದು ಎಚ್ಚರ. ‘ಧನ’ವನ್ನು ‘ದನ’, ‘ಹಾಲು’ವನ್ನು ‘ಆಲು’, ‘ಹಳ್ಳಿ’ಯನ್ನು ‘ಹಲ್ಲಿ’ ಅನ್ನುವುದನ್ನು ಈ ಪಟ್ಟಿಗೆ ಸೇರಿಸಬೇಡಿ. ಮನೆಯ ಮಾತಿನಲ್ಲಿ ಮಹಾಪ್ರಾಣ ಇಲ್ಲ ಅಂದರೆ, ಊರಿನಲ್ಲಿ ಹಕಾರ ಬಿಟ್ಟೇ ಮಾತಾಡ್ತಾರೆ ಅಂದರೆ ಮಗು ಹಾಗೇ ಓದುತ್ತೆ. ಅದು ಆ ಮಗುವಿನ ಕನ್ನಡ, ರೋಗಲಕ್ಷಣ ಅಲ್ಲ. ಹಾಗೆಯೇ ಒತ್ತು ಬಿಡುವುದು, ದೀರ್ಘ ಮರೆಯುವುದು ಕಲಿಯುವ ಎಲ್ಲ ಮಕ್ಕಳಲ್ಲೂ ಇದ್ದದ್ದೇ. ಉಳಿದವರಲ್ಲಿ ಅದು ಕರಗುತ್ತೆ, ಇವನಲ್ಲಿ ಕರಗಲ್ಲ. ವ್ಯತ್ಯಾಸ ಇರುವುದು ಅಲ್ಲಿ.

‘ನಿರ್ದಿಷ್ಟ ಕಲಿಕಾ ತೊಂದರೆ’ ಅನ್ನುವಾಗಿನ ‘ನಿರ್ದಿಷ್ಟ’ ಪದಕ್ಕೆ ತೂಕ ಬರುವುದೂ ಇಲ್ಲೇ. ಮೂರನೇ ತರಗತಿಯ ಬಹುಪಾಲು ಗ್ರಾಮೀಣ ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂದು ಅಸರ್ ವರದಿಗಳು ಮತ್ತೆ ಮತ್ತೆ ಹೇಳಿವೆ. ಅವರೆಲ್ಲರಿಗೂ ಡಿಸ್ಲೆಕ್ಸಿಯಾ ಇಲ್ಲ. ಬಹಳಷ್ಟು ಜನರಿಗೆ ಸರಿಯಾಗಿ ಕಲಿಸಿಲ್ಲ ಅಷ್ಟೇ. ಎರಡನ್ನೂ ಬೇರ್ಪಡಿಸಲು ತರಗತಿಯಲ್ಲಿ ಇರುವ ನಂಬಲರ್ಹ ದಾರಿ ಒಂದೇ: ಮೊದಲು ಕಣ್ಣು ಮತ್ತು ಕಿವಿಯ ಸಾಮಾನ್ಯ ತಪಾಸಣೆ ಮಾಡಿಸಿ, ಆಮೇಲೆ ಹತ್ತು ಹನ್ನೆರಡು ವಾರ ವ್ಯವಸ್ಥಿತವಾಗಿ ಕಲಿಸಿ, ಯಾರು ಜಾಗ ಬಿಟ್ಟು ಕದಲಲಿಲ್ಲ ಅಂತ ನೋಡುವುದು.

ದಿನಕ್ಕೆ ಇಪ್ಪತ್ತು ನಿಮಿಷ

ಕಲಿಸುವುದು ಅಂದರೆ ಏನು? ‘ಪುಸ್ತಕ’ವನ್ನು ಐವತ್ತು ಸಲ ಇಂಪೊಸಿಷನ್ ಬರೆಸುವುದಂತೂ ಅಲ್ಲ. ಸದ್ದು ಹಿಡಿಯಲಾಗದ ಮಗು ಐವತ್ತು ಸಲವೂ ಚಿತ್ರ ಬಿಡಿಸುತ್ತೆ, ಕೈ ನೋಯುತ್ತೆ ಅಷ್ಟೇ. ಬ್ರಾಡ್ಲಿ ಮತ್ತು ಬ್ರಯಂಟ್ 1983ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗದಲ್ಲಿ, ಸದ್ದು ಗುರುತಿಸಲು ಕಷ್ಟಪಡುವ 65 ಮಕ್ಕಳನ್ನು ಗುಂಪು ಮಾಡಿ ಎರಡು ವರ್ಷದಲ್ಲಿ 40 ಪಾಠ ಮಾಡಿದರು. ಓದಿನಲ್ಲಿ ಎಲ್ಲರಿಗಿಂತ ಮುಂದೆ ಹೋದದ್ದು ಸದ್ದಿನ ಆಟದ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಕೈಗೆ ಕೊಟ್ಟ ಗುಂಪು. ಬರೀ ಸದ್ದು ಸಾಲದು, ಬರೀ ಅಕ್ಷರವೂ ಸಾಲದು, ಎರಡೂ ಒಟ್ಟಿಗೆ ಕೂಡಬೇಕು.

ನಮ್ಮ ಹುಡುಗನಿಗೆ ಇದನ್ನು ಹೀಗೆ ಇಳಿಸಬಹುದು. ಅವನ ಥರದವರೇ ನಾಲ್ಕೈದು ಜನ, ದಿನಕ್ಕೆ ಇಪ್ಪತ್ತು ನಿಮಿಷ. ಮೊದಲಿಗೆ ಕಾಗುಣಿತದ ರಾಗವನ್ನು ಮುರಿಯಬೇಕು. ‘ಕ ಕಾ ಕಿ ಕೀ’ ಅನ್ನುವುದು ಹಾಡಿನ ನೆನಪು. ನಡುವೆ ‘ಕೊ’ ತೋರಿಸಿ ಕೇಳಿದರೆ ಮಗು ಒಳಗೊಳಗೇ ‘ಕ’ದಿಂದ ಶುರು ಮಾಡಿ ಬರುತ್ತೆ. ಅದರ ಬದಲು ಅಡ್ಡಸಾಲು ಬಿಟ್ಟು ಕಂಬಸಾಲು ಹಿಡಿಯಿರಿ: ‘ಕೊ, ತೊ, ನೊ, ಲೊ’. ಆಗ ಎಲ್ಲದರಲ್ಲೂ ಉಳಿಯುವ ‘ಒ’ ಸದ್ದು ಕಿವಿಗೆ ಬೀಳುತ್ತೆ, ಅದರ ಗುರುತು ಕಣ್ಣಿಗೆ ಬೀಳುತ್ತೆ. ‘ಪು, ವು’ಗಳಲ್ಲಿ ಕೊಂಬು ಬೇರೆ ಅಕ್ಷರಗಳ ಹಾಗೆ ಬಲಕ್ಕೆ ಅಂಟಿಕೊಳ್ಳಲ್ಲ, ಕೆಳಗಿಳಿಯುತ್ತೆ. ಇಂಥವನ್ನು ಕೊನೆಗೆ ಇಡಿ. ಜೊತೆಜೊತೆಗೆ ಹ್ರಸ್ವ-ದೀರ್ಘದ ಜೋಡಿ: ‘ಕರು-ಕಾರು, ಬಿಡು-ಬೀಡು, ಕೊಡು-ಕೋಡು’. ಹೇಳಿದ್ದನ್ನು ಕೇಳಿ ಸರಿಯಾದ ಚೀಟಿ ಎತ್ತಬೇಕು. ಮೊದಲು ಕಿವಿ, ಆಮೇಲೆ ಕೈ.

ಇದು ಗಟ್ಟಿಯಾದ ಮೇಲೆ ಸೊನ್ನೆ, ‘ಕದ-ಕಂದ’. ನಂತರ ಸಜಾತಿ ಒತ್ತು: ‘ಕತೆ-ಕತ್ತೆ, ಅಡಿ-ಅಡ್ಡಿ, ಎಲೆ-ಎಲ್ಲೆ’. ಇಲ್ಲಿ ಅರ್ಥವೇ ಸಹಾಯಕ್ಕೆ ಬರುತ್ತೆ. ‘ಅಜ್ಜ ಕತ್ತೆ ಹೇಳಿದ’ ಅಂತ ಓದಿದರೆ ತರಗತಿಯೇ ನಗುತ್ತೆ, ಓದಿದವನೂ ನಗುತ್ತಾನೆ. ವಿಜಾತಿ ಒತ್ತಿಗೆ ಬಂದಾಗ ಮೊದಲು ಬಾಯಿಯ ಗಡಿಯನ್ನೇ ಹಿಡಿಯಿರಿ. ‘ಪುಸ್-ತಕ’ ಅಂತ ಹೇಳಿಸಿ, ಪು, ಸ್, ತ, ಕ ನಾಲ್ಕು ಚೀಟಿ ಇಡಿ. ಆಮೇಲೆ ‘ಸ್’ ಚೀಟಿಯನ್ನೂ ‘ತ’ ಚೀಟಿಯನ್ನೂ ಮಗುವೇ ಸರಿಸಿ ಒಟ್ಟು ಮಾಡಲಿ, ಆ ಜಾಗದಲ್ಲಿ ‘ಸ್ತ’ ಚೀಟಿ ಇಡಲಿ. ಕೊನೆಗೆ ‘ಹಸ್ತ, ಬಸ್ತಿ, ರಸ್ತೆ’. ಅರ್ಕಾವೊತ್ತು ಎಲ್ಲಕ್ಕಿಂತ ಕೊನೆ.

ಪ್ರತಿದಿನ ಕೊನೆಯ ಐದು ನಿಮಿಷ ಉಕ್ತಲೇಖನ, ನಾಲ್ಕೇ ಪದ, ಕಲಿಸಿದ ಗುರುತುಗಳು ಮಾತ್ರ. ಶುಕ್ರವಾರ ಹೊಸ ಅರ್ಥವಿಲ್ಲದ ಪದ ಹತ್ತು. ಓದಿಸಿದ್ದ ಪಾಠವನ್ನೇ ಮತ್ತೆ ಓದಿಸಿ ‘ಸುಧಾರಿಸಿದ್ದಾನೆ’ ಅಂದರೆ ನಂಬಬೇಡಿ, ಅದು ಬಾಯಿಪಾಠ ಆಗಿರಬಹುದು. ಹಿಂದೆ ನೋಡಿರದ ‘ಲೊಸ್ತೆ’ಯನ್ನು ಅವನು ಓದಿದ ದಿನ ಏನೋ ಬದಲಾಗಿದೆ ಅಂತ ಅರ್ಥ.

ಉಳಿದ ತರಗತಿಗಳಲ್ಲಿ ಮಾಡಬೇಕಾದದ್ದು ಇನ್ನೂ ಸರಳ. ಎಲ್ಲರೆದುರು ಎದ್ದುನಿಂತು ಓದು ಅಂತ ಹಠಾತ್ತನೆ ಹೇಳಬೇಡಿ, ನಾಳೆ ಓದಿಸುವ ಎರಡು ಸಾಲನ್ನು ಇವತ್ತೇ ಕೊಟ್ಟುಬಿಡಿ. ಬೋರ್ಡಿನಿಂದ ಬರೆದುಕೊಳ್ಳುವುದರಲ್ಲಿ ಅವನ ಇಡೀ ಪೀರಿಯಡ್ ಕಳೆಯುತ್ತೆ, ನೋಟ್ಸಿನ ಜೆರಾಕ್ಸ್ ಕೊಡಿ. ವಿಜ್ಞಾನದ ಉತ್ತರದಲ್ಲಿ ಒತ್ತು ಬಿಟ್ಟಿದ್ದಕ್ಕೆ ಅಂಕ ಕಳೆಯಬೇಡಿ, ಬಾಯಲ್ಲಿ ಕೇಳಿ. ಗಣಿತದ ಲೆಕ್ಕದ ಪ್ರಶ್ನೆಯನ್ನು ಓದಿ ಹೇಳಿದರೆ ಅವನು ಲೆಕ್ಕ ಮಾಡುತ್ತಾನೋ ಇಲ್ಲವೋ ಗೊತ್ತಾಗುತ್ತೆ. ಓದಲಾಗದ್ದಕ್ಕೆ ಗಣಿತದಲ್ಲೂ ಫೇಲ್ ಮಾಡುವುದು ನ್ಯಾಯವಲ್ಲ.

ಈ ವಿವರಣೆ ಎಲ್ಲಿ ನಿಲ್ಲುತ್ತೆ

ಸದ್ದಿನ ಕೊರತೆ ಎಲ್ಲವನ್ನೂ ವಿವರಿಸಲ್ಲ. ಕೆಲವು ಮಕ್ಕಳು ಸದ್ದನ್ನು ಚೆನ್ನಾಗಿ ಬಿಡಿಸುತ್ತಾರೆ, ಆದರೆ ನೋಡಿದ್ದರ ಹೆಸರನ್ನು ಬಾಯಿಗೆ ತರುವುದೇ ನಿಧಾನ. ಅವರು ತಪ್ಪಿಲ್ಲದೆ, ಆಮೆಯ ವೇಗದಲ್ಲಿ ಓದುತ್ತಾರೆ. ಬರೆದ ಹಾಗೆ ಓದುವ ಭಾಷೆಗಳಲ್ಲಿ ತೊಂದರೆ ತಪ್ಪಿಗಿಂತ ಹೆಚ್ಚಾಗಿ ನಿಧಾನವಾಗಿಯೇ ಕಾಣಿಸಿಕೊಳ್ಳುತ್ತೆ. 2001ರಲ್ಲಿ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಓದುವ ಡಿಸ್ಲೆಕ್ಸಿಯಾದ ವಯಸ್ಕರನ್ನು ಹೋಲಿಸಿದ ಅಧ್ಯಯನದಲ್ಲಿ ಮೂವರ ಮಿದುಳಿನಲ್ಲೂ ಒಂದೇ ಜಾಗ ಮಂದವಾಗಿತ್ತು, ಆದರೆ ಇಟಾಲಿಯನ್ನರ ಓದು ಉಳಿದವರಿಗಿಂತ ಚೆನ್ನಾಗಿತ್ತು. ಇನ್ನು ಕೆಲವರಲ್ಲಿ ಗಮನದ ತೊಂದರೆ, ಮಾತಿನ ತೊಂದರೆಯೂ ಜೊತೆಗಿರುತ್ತೆ. ಅಂಥವರಿಗೆ ಚೀಟಿಯ ಆಟವೊಂದೇ ಸಾಕಾಗಲ್ಲ.

ಈ ಕಾರಣಕ್ಕೇ ನನಗೆ ಒಂದು ರೂಢಿಯ ಬಗ್ಗೆ ತಕರಾರಿದೆ. ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮಗು ಎರಡೂ ಭಾಷೆಯಲ್ಲಿ ಎಡವಿದಾಗ ಮೊದಲು ಬಿಡಿಸುವುದು ಕನ್ನಡವನ್ನು. ಪೋಷಕರ ಕಷ್ಟ ಅರ್ಥವಾಗುತ್ತೆ, ಒಂದು ಭಾಷೆ ಕಡಿಮೆಯಾದರೆ ಹೊರೆ ಕಡಿಮೆ. ಆದರೆ ಮನೆಯಲ್ಲಿ ಕನ್ನಡ ಮಾತಾಡುವ ಮಗುವಿಗೆ, ಗುರುತಿಗೂ ಸದ್ದಿಗೂ ಇಷ್ಟು ನೇರ ಸಂಬಂಧ ಇರುವ ಲಿಪಿಯನ್ನು ಬಿಡಿಸಿ, ಒಂದೇ ಸ್ವರವನ್ನು ಹತ್ತು ಥರ ಬರೆಯುವ ಇಂಗ್ಲಿಷನ್ನು ಮಾತ್ರ ಉಳಿಸುವುದು ಸುಲಭದ ದಾರಿ ಖಂಡಿತ ಅಲ್ಲ. ವಿನಾಯಿತಿ ಕೇಳುವ ಮೊದಲು ಅರ್ಥವಿಲ್ಲದ ಪದಗಳ ಪಟ್ಟಿಯನ್ನು ಎರಡೂ ಭಾಷೆಯಲ್ಲಿ ಓದಿಸಿ ನೋಡಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಆದರೆ ಕೇಂದ್ರದ 2018ರ ಮಾರ್ಗಸೂಚಿಯ ಪ್ರಕಾರ ಪ್ರಮಾಣಪತ್ರ ಕೊಡುತ್ತಿದ್ದದ್ದು ಎಂಟು ವರ್ಷ ತುಂಬಿದ ಮೇಲೆ, ಮತ್ತೆ 14 ಮತ್ತು 18ಕ್ಕೆ ಮರುಪರೀಕ್ಷೆ ಇತ್ತು. ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವವರ ನೆರವು ಬೇಕಾದರೆ ಈ ಕಾಗದ ಬೇಕು. ಚೀಟಿಗಳನ್ನು ಕತ್ತರಿಸಲು ಬೇಡ. ಆರು ವರ್ಷದ ಮಗು ಎಂಟಾಗುವವರೆಗೆ ಕಾಯಬೇಕಾದ ಕಾನೂನು ಯಾವುದೂ ಇಲ್ಲ. ಹನ್ನೆರಡು ವಾರದ ನಂತರವೂ ಕದಲದ ಮಗುವನ್ನು ಬೆಂಗಳೂರಿನ ನಿಮ್ಹಾನ್ಸ್‌ಗೋ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೋ ಕರೆದುಕೊಂಡು ಹೋಗುವಾಗ ‘ಓದಲ್ಲ ಸಾರ್’ ಅನ್ನುವ ಒಂದು ಸಾಲಿನ ಬದಲು ಹನ್ನೆರಡು ಶುಕ್ರವಾರಗಳ ಪಟ್ಟಿ ಕೈಯಲ್ಲಿರಲಿ: ಯಾವ ಪದ ಕೊಟ್ಟೆವು, ಅವನು ಏನು ಓದಿದ, ಎಷ್ಟು ಹೊತ್ತು ಹಿಡಿಯಿತು.